ಮೂರು ಪಟ್ಟಿ, ಮೂರು ಬೋಲ್ಟ್

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ, ನನ್ನ ಕೈಯಲ್ಲಿರುವುದು ಎಲ್ಲರಿಗೂ ಕಾಣಬೇಕು. ಸ್ಲೈಡ್ ಏನೂ ಇಲ್ಲ. ಪ್ಲೈವುಡ್ ಪಟ್ಟಿಗಳಿವೆ, ಒಂದು ಹಿಡಿ ನಟ್ಟು ಬೋಲ್ಟ್ ಇವೆ, ಅಷ್ಟೇ. ಶುಕ್ರವಾರ ನೀವು ಐಸ್‌ಕ್ರೀಮ್ ಕಡ್ಡಿಯಲ್ಲಿ ಸೇತುವೆ ಮಾಡಬೇಕು ಅಲ್ವಾ? ಪ್ರತಿ ವರ್ಷ ಎಲ್ಲರೂ ಹೇಗೂ ತ್ರಿಕೋನ ಹಾಕುತ್ತಾರೆ. ಯಾಕೆ ಅಂತ ಕೇಳಿದರೆ "ತ್ರಿಕೋನ ಸ್ಟ್ರಾಂಗ್ ಸಾರ್" ಅನ್ನುತ್ತಾರೆ. ಆ ಉತ್ತರ ನನಗೆ ಒಪ್ಪಿಗೆಯಿಲ್ಲ.

ಮೊದಲು ಇದನ್ನು ನೋಡಿ. ನಾಲ್ಕು ಪಟ್ಟಿ, ನಾಲ್ಕು ಮೂಲೆಗೆ ಒಂದೊಂದೇ ಬೋಲ್ಟ್. ಬೋಲ್ಟ್ ಸಡಿಲ ಬಿಟ್ಟಿದ್ದೇನೆ, ಪಟ್ಟಿ ಅದರ ಸುತ್ತ ತಿರುಗುತ್ತದೆ. ಒಂದು ಮೂಲೆಯನ್ನು ಬೆರಳಲ್ಲಿ ತಳ್ಳಿದರೆ ಸಾಕು, ಚೌಕ ಹೀಗೆ ಓರೆಯಾಗಿ ಮಲಗಿಬಿಡುತ್ತದೆ. ಯಾವ ಪಟ್ಟಿಯೂ ಮುರಿಯಲಿಲ್ಲ, ಬಾಗಲಿಲ್ಲ, ಒಂದು ಕೂದಲಿನಷ್ಟೂ ಉದ್ದ ಬದಲಾಗಲಿಲ್ಲ. ಮೂಲೆಯ ಕೋನಗಳು ಮಾತ್ರ ಬದಲಾದವು. ಇದೇ ಪಟ್ಟಿಗಳನ್ನು ಉಕ್ಕಿನಲ್ಲಿ, ನಿಮ್ಮ ತೋಳಿನಷ್ಟು ದಪ್ಪ ಮಾಡಿದರೂ ಇದೇ ಕಥೆ.

ಈಗ ಮೂರು ಪಟ್ಟಿ, ಮೂರು ಬೋಲ್ಟ್. ಇದೂ ಸಡಿಲವೇ. ತಗೊಳ್ಳಿ, ಯಾರಾದರೂ ಅಲ್ಲಾಡಿಸಿ ನೋಡಿ. ಆಗುವುದಿಲ್ಲ. ಹೈಸ್ಕೂಲಿನಲ್ಲಿ ಬಾಹು-ಬಾಹು-ಬಾಹು ಅಂತ ಸರ್ವಸಮತೆಯ ನಿಯಮ ಓದಿದ್ದೀರಲ್ಲ, ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿ ಮರೆತಿದ್ದೀರಲ್ಲ, ಅದು ಇದೇ. ಮೂರು ಬಾಹುಗಳ ಉದ್ದ ಗೊತ್ತಾದರೆ ಮೂರು ಕೋನಗಳೂ ತಾವೇ ನಿಗದಿಯಾಗುತ್ತವೆ. ಕೋನ ಬದಲಾಗಬೇಕಾದರೆ ಯಾವುದಾದರೂ ಒಂದು ಬಾಹು ಉದ್ದವಾಗಬೇಕು ಇಲ್ಲ ಗಿಡ್ಡವಾಗಬೇಕು. ಬೇರೆ ದಾರಿಯೇ ಇಲ್ಲ.

ಉಕ್ಕನ್ನು ಉದ್ದ ಮಾಡುವುದು ಎಷ್ಟು ಕಷ್ಟ ಅಂತ ಒಂದು ಲೆಕ್ಕ ಹಾಕೋಣ. ಎರಡೂವರೆ ಮೀಟರ್ ಉದ್ದದ ಉಕ್ಕಿನ ಆ್ಯಂಗಲ್, ಅಡ್ಡ ಕೊಯ್ದರೆ 500 ಚದರ ಮಿಲಿಮೀಟರ್. ಅದನ್ನು 10 ಕಿಲೋನ್ಯೂಟನ್ ಬಲದಿಂದ, ಅಂದರೆ ಹೆಚ್ಚುಕಮ್ಮಿ ಒಂದು ಟನ್ ತೂಕ ನೇತುಹಾಕಿದಷ್ಟು, ಎಳೆಯಿರಿ. ಎಷ್ಟು ಉದ್ದವಾಗುತ್ತದೆ? ಕಾಲು ಮಿಲಿಮೀಟರ್. ಅದೇ ಆ್ಯಂಗಲನ್ನು ಎರಡು ಸ್ಟೂಲ್ ಮೇಲೆ ಮಲಗಿಸಿ ನಡುವೆ ಅಷ್ಟೇ ತೂಕ ಇಟ್ಟರೆ ಅದು ಬಾಗಿ ನೆಲ ಮುಟ್ಟುತ್ತದೆ. ಎಳೆದರೆ ಗಟ್ಟಿ, ಬಗ್ಗಿಸಿದರೆ ಮೆತ್ತಗೆ. ತ್ರಿಕೋನ ಮಾಡುವ ಕೆಲಸ ಇಷ್ಟೇ: ಬಗ್ಗಿಸಲು ಬಂದ ಬಲವನ್ನು ಎಳೆಯುವ, ಒತ್ತುವ ಬಲಗಳಾಗಿ ತಿರುಗಿಸಿ ಪಟ್ಟಿಯ ಉದ್ದಕ್ಕೆ ಕಳಿಸುವುದು. ಪಟ್ಟಿಗೆ ಹೊಸ ಶಕ್ತಿ ಏನೂ ಬರುವುದಿಲ್ಲ.

ನಮ್ಮ ಬಡಗಿಗಳಿಗೆ ಇದು ಲೆಕ್ಕವಿಲ್ಲದೆ ಗೊತ್ತು. ಹೊಸ ಬಾಗಿಲಿನ ಚೌಕಟ್ಟನ್ನು ಗೋಡೆಗೆ ನಿಲ್ಲಿಸುವ ಮುಂಚೆ ಮೂಲೆಗೆ ಓರೆಯಾಗಿ ಒಂದು ರೀಪು ಹೊಡೆದಿರುತ್ತಾರೆ. ಗಾರೆ ಒಣಗಿದ ಮೇಲೆ ಕಿತ್ತು ಬಿಸಾಡುತ್ತಾರೆ. ಅಷ್ಟು ದಿನ ಚೌಕ ಓರೆಯಾಗದಂತೆ ಕಾಯುವುದು ಆ ಎರಡು ರೂಪಾಯಿ ಕಟ್ಟಿಗೆ.

ಯಾರೋ ಕೈ ಎತ್ತಿದ್ದೀರಿ. ಹೌದು, ಒಳ್ಳೆ ಪ್ರಶ್ನೆ. ಈ ಕಟ್ಟಡದಲ್ಲಿ ಎಲ್ಲಾ ಚೌಕವೇ, ಕಂಬ, ಬೀಮು, ಮತ್ತೆ ಯಾಕೆ ಬೀಳುತ್ತಿಲ್ಲ? ಯಾಕೆಂದರೆ ಕಂಬ ಬೀಮು ಸೇರುವಲ್ಲಿ ಬೋಲ್ಟ್ ಇಲ್ಲ. ಕಬ್ಬಿಣದ ಸರಳು ಒಂದರಿಂದ ಇನ್ನೊಂದಕ್ಕೆ ಹಾದುಹೋಗಿ, ಕಾಂಕ್ರೀಟು ಒಟ್ಟಿಗೆ ಗಟ್ಟಿಯಾಗಿದೆ. ಮೂಲೆಯೇ ಕೋನವನ್ನು ಹಿಡಿದಿಟ್ಟಿದೆ. ಆದರೆ ಅದಕ್ಕೆ ಬೆಲೆ ಇದೆ: ಮೂಲೆಯಲ್ಲಿ ಬಾಗುವ ಬಲ ತಡೆಯಲು ಸರಳು ಜಾಸ್ತಿ ಬೇಕು, ಕಂಬ ದಪ್ಪ ಬೇಕು. ಮೂಲೆ ಸಡಿಲವಾಗಿದ್ದರೂ ನಿಲ್ಲುವುದು ತ್ರಿಕೋನ.

ಸರಿ, ಟ್ರಸ್‌ಗೆ ಬರೋಣ. ಒಂದು ಬೀಮಿನ ಮೇಲೆ ಭಾರ ಇಟ್ಟರೆ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ನಡುವಿನ ಭಾಗ ಬಗ್ಗುವುದನ್ನು ತಡೆಯಲು ಹೆಚ್ಚೇನೂ ಮಾಡುವುದಿಲ್ಲ, ಮೇಲು ಕೆಳಗನ್ನು ದೂರ ಇಟ್ಟು ಜೊತೆಗೆ ಹಿಡಿದಿರುತ್ತದೆ ಅಷ್ಟೇ. ಆ ನಡುವಿನ ತೂಕವನ್ನೆಲ್ಲ ತೆಗೆದು, ಅಲ್ಲಿ ಓರೆ ಕಡ್ಡಿಗಳನ್ನು ಹಾಕಿ ಮೇಲು ಕೆಳಗನ್ನು ಜೋಡಿಸಿದರೆ ಅದೇ ಟ್ರಸ್. ಮೇಲಿನ ಸಾಲಿನಲ್ಲಿ ಒತ್ತಡ, ಕೆಳಗಿನ ಸಾಲಿನಲ್ಲಿ ಎಳೆತ, ನಡುವೆ ಕೆಲವು ಎಳೆದುಕೊಂಡು ಕೆಲವು ಒತ್ತಿಕೊಂಡು.

ಅತಿ ಚಿಕ್ಕ ಟ್ರಸ್ ಅಂದರೆ ಹೆಂಚಿನ ಮನೆಯ ಮಾಡು. ಎರಡು ಓರೆ ತೊಲೆ, ಕೆಳಗೆ ಒಂದು ಅಡ್ಡ ತೊಲೆ. ಗೋಡೆಯಿಂದ ಗೋಡೆಗೆ 4 ಮೀಟರ್, ಎತ್ತರ ಒಂದೂವರೆ ಮೀಟರ್ ಅಂದುಕೊಳ್ಳಿ. ಅರ್ಧಕ್ಕೆ ತೆಗೆದುಕೊಂಡರೆ 2, 1.5, ಓರೆ 2.5. ನಿಮ್ಮ ಹಳೆಯ 3-4-5 ತ್ರಿಕೋನವೇ. ನೆತ್ತಿಯ ಮೇಲೆ 12 ಕಿಲೋನ್ಯೂಟನ್ ಭಾರ. ಪ್ರತಿ ಗೋಡೆ 6 ಹೊರುತ್ತದೆ. ಓರೆ ತೊಲೆಯಲ್ಲಿ 10 ಒತ್ತಡ, ಅಡ್ಡ ತೊಲೆಯಲ್ಲಿ 8 ಎಳೆತ. ಅಡ್ಡ ತೊಲೆ ಇಲ್ಲದಿದ್ದರೆ? ಆ 8 ಕಿಲೋನ್ಯೂಟನ್ ನೇರ ಗೋಡೆಗೆ ಹೋಗುತ್ತದೆ, ಹೊರಗೆ ತಳ್ಳುತ್ತದೆ. ಜಾಗ ಸಿಗಲಿ ಅಂತ ಅಡ್ಡ ತೊಲೆ ಕೊಯ್ದ ಹಳೇ ಮನೆಗಳಲ್ಲಿ ಗೋಡೆ ಹೊರಗೆ ವಾಲುವುದು ಇದಕ್ಕೇ.

ಇನ್ನೊಂದು ನೋಡಿ. ಎತ್ತರವನ್ನು ಅರ್ಧ ಮೀಟರಿಗೆ ಇಳಿಸಿ. ಭಾರ ಅದೇ, ಗೋಡೆ ಅದೇ. ಅಡ್ಡ ತೊಲೆಯ ಎಳೆತ 8 ಇದ್ದದ್ದು 24 ಆಗುತ್ತದೆ. ಚಪ್ಪಟೆ ತ್ರಿಕೋನವೂ ತ್ರಿಕೋನವೇ, ಆದರೆ ಬಲ ಸುಮ್ನೆ ಮೂರು ಪಟ್ಟು ಏರಿತು. ನಿಮ್ಮ ಮಾಡೆಲ್ "ಚೆನ್ನಾಗಿ ಕಾಣಲಿ" ಅಂತ ತೆಳ್ಳಗೆ ಮಾಡುವವರು ಈ ಲೆಕ್ಕ ಮಾಡಿ.

ಎಷ್ಟು ಕಡ್ಡಿ ಬೇಕು? ಮೂರು ಕೀಲು, ಮೂರು ಕಡ್ಡಿಯಿಂದ ಶುರು ಮಾಡಿ. ಆಮೇಲೆ ಒಂದೊಂದು ಹೊಸ ಕೀಲಿಗೆ ಎರಡೆರಡು ಕಡ್ಡಿ. ಕೀಲು j, ಕಡ್ಡಿ m ಅಂದರೆ,

m = 2j − 3

1864ರಲ್ಲಿ ಮ್ಯಾಕ್ಸ್‌ವೆಲ್ ಈ ತರಹದ ಎಣಿಕೆಯನ್ನು ಬರೆದಿಟ್ಟರು, ವಿದ್ಯುತ್ಕಾಂತೀಯ ಸಮೀಕರಣಗಳ ಅದೇ ಮ್ಯಾಕ್ಸ್‌ವೆಲ್. ಚೌಕಕ್ಕೆ ನಾಲ್ಕು ಕೀಲು, ಬೇಕಾದದ್ದು 5 ಕಡ್ಡಿ, ಇದ್ದದ್ದು 4, ಅದಕ್ಕೇ ಮಲಗಿತು. ಆದರೆ ಬರೀ ಎಣಿಕೆಯನ್ನು ನಂಬಬೇಡಿ. ಪಕ್ಕಪಕ್ಕ ಎರಡು ಚೌಕ ಮಾಡಿ: 6 ಕೀಲು, 9 ಕಡ್ಡಿ ಬೇಕು. ಹೊರಗಿನವು ಮತ್ತು ನಡುವಿನದು ಸೇರಿ 7. ಉಳಿದ ಎರಡನ್ನೂ ಒಂದೇ ಚೌಕಕ್ಕೆ ಗುಣಾಕಾರ ಚಿಹ್ನೆಯ ಹಾಗೆ ಹಾಕಿದರೆ ಲೆಕ್ಕ ಸರಿ, ಪಕ್ಕದ ಚೌಕ ಮಾತ್ರ ಮಲಗುತ್ತದೆ. ಕಡ್ಡಿ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ದೊಡ್ಡದು.

ಓರೆ ಕಡ್ಡಿ ಯಾವ ಕಡೆಗೆ ಅನ್ನುವುದೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ 1840ರಲ್ಲಿ ಹೋವ್ ಅನ್ನುವವರು ಒಂದು ಟ್ರಸ್‌ಗೆ ಪೇಟೆಂಟ್ ಪಡೆದರು. ಓರೆಗಳು ಮಧ್ಯದ ಕಡೆಗೆ ಏರುತ್ತವೆ, ಅವು ಒತ್ತಡದಲ್ಲಿ, ಮರದವು. ನೆಟ್ಟಗಿನವು ಎಳೆತದಲ್ಲಿ, ಕಬ್ಬಿಣದ ಸರಳು. ನಾಲ್ಕು ವರ್ಷ ಬಿಟ್ಟು, 1844ರಲ್ಲಿ, ಪ್ರ್ಯಾಟ್ ಎಂಬ ತಂದೆ ಮಗ ಓರೆಯನ್ನು ತಿರುಗಿಸಿದರು. ಅಷ್ಟೇ ಮಾಡಿದ್ದು. ಓರೆ ಈಗ ಮಧ್ಯದ ಕಡೆಗೆ ಇಳಿಯುತ್ತದೆ, ಎಳೆತಕ್ಕೆ ಬರುತ್ತದೆ. ಗಿಡ್ಡಗಿರುವ ನೆಟ್ಟಗಿನ ಕಡ್ಡಿ ಒತ್ತಡ ಹೊರುತ್ತದೆ.

ಗಿಡ್ಡಗಿರುವುದಕ್ಕೆ ಯಾಕೆ ಒತ್ತಡ ಕೊಡಬೇಕು? ನಿಮ್ಮ ಬ್ಯಾಗಿನಿಂದ ಪ್ಲಾಸ್ಟಿಕ್ ಸ್ಕೇಲ್ ತೆಗೆಯಿರಿ. ಎರಡು ತುದಿ ಹಿಡಿದು ಎಳೆಯಿರಿ, ಏನೂ ಆಗುವುದಿಲ್ಲ. ಈಗ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿ. ಪಕ್ಕಕ್ಕೆ ಬಿಲ್ಲಿನ ಹಾಗೆ ಬಾಗಿತಲ್ಲ? ಇದೇ ಬಕ್ಲಿಂಗ್. ಆಯ್ಲರ್ ಸೂತ್ರದ ಪ್ರಕಾರ ಉದ್ದ ಎರಡು ಪಟ್ಟಾದರೆ ತಡೆಯುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಮೂವತ್ತು ಸೆಂಟಿಮೀಟರಿನದ್ದನ್ನು ಹದಿನೈದರಲ್ಲಿ ಹಿಡಿದು ಒತ್ತಿ ನೋಡಿ, ಗೊತ್ತಾಗುತ್ತದೆ.

ತ್ರಿಕೋನ ಹಾಕಿದ್ದೇವೆ, ಇನ್ನೇನು ಭಯ ಅನ್ನುವವರಿಗೆ ಎರಡು ಸೇತುವೆ ಹೇಳುತ್ತೇನೆ. 1907ರಲ್ಲಿ ಕೆನಡಾದ ಕ್ವಿಬೆಕ್ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು 75 ಜನ ಸತ್ತರು. ಅದು ಕಂಬದಿಂದ ತೋಳಿನ ಹಾಗೆ ಹೊರಚಾಚಿದ ಸೇತುವೆ, ಹಾಗಾಗಿ ಅಲ್ಲಿ ಒತ್ತಡ ಬರುವುದು ಕೆಳಗಿನ ಸಾಲಿಗೆ. ಆ ಸಾಲಿನ ಕಡ್ಡಿಗಳು ಬಾಗಿ ಹೋದವು, ಬೀಳುವ ಮೊದಲೇ ಬಾಗಿರುವುದು ಕಣ್ಣಿಗೆ ಕಂಡಿತ್ತು ಕೂಡ. ಇನ್ನೊಂದು 2007ರಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ಹೆದ್ದಾರಿಯ ಟ್ರಸ್ ಸೇತುವೆ ಬಿದ್ದು 13 ಜನ ಸತ್ತರು. ಅಲ್ಲಿ ಕಡ್ಡಿಗಳದ್ದಲ್ಲ ತಪ್ಪು. ಕಡ್ಡಿಗಳನ್ನು ಸೇರಿಸುವ ಗಸೆಟ್ ಪ್ಲೇಟ್ ಬೇಕಾದದ್ದರ ಅರ್ಧದಷ್ಟೇ ದಪ್ಪ ಇತ್ತು. ವಿನ್ಯಾಸ ಮಾಡುವಾಗಲೇ ಆದ ತಪ್ಪು, ನಲವತ್ತು ವರ್ಷ ಹಾಗೇ ಇತ್ತು. ಎರಡರಲ್ಲೂ ತ್ರಿಕೋನಗಳು ಸರಿಯಾಗೇ ಇದ್ದವು.

ನಿಜವಾದ ಸೇತುವೆಯಲ್ಲಿ ಕೀಲು ಹೀಗೆ ಸಡಿಲ ಇರುತ್ತದಾ ಅಂತ ಕೇಳಬಹುದು. ಸಾಮಾನ್ಯವಾಗಿ ಇರುವುದಿಲ್ಲ. ಕೋಲ್ಕತ್ತದ ಹೌರಾ ಸೇತುವೆ 1943ರಲ್ಲಿ ತೆರೆದದ್ದು, ನಡುವಿನ ಅಂತರ 457 ಮೀಟರ್, ಎಲ್ಲಾ ರಿವೆಟ್ ಹೊಡೆದದ್ದು. ಅಲ್ಲಿನ ಮೂಲೆ ತಿರುಗುವುದಿಲ್ಲ. ಆದರೂ ಇಂಥ ಟ್ರಸ್‌ಗಳನ್ನು ಮೊದಲ ಲೆಕ್ಕಕ್ಕೆ ಕೀಲು ಇದೆ ಅಂತಲೇ ಹಿಡಿಯುತ್ತೇವೆ, ಉತ್ತರ ಸತ್ಯಕ್ಕೆ ಹತ್ತಿರವೇ ಬರುತ್ತದೆ, ಯಾಕೆಂದರೆ ತ್ರಿಕೋನದಲ್ಲಿ ಕೋನ ಅಷ್ಟಾಗಿ ಬದಲಾಗಲು ಹೋಗುವುದೇ ಇಲ್ಲ, ಮೂಲೆಗೆ ಕೆಲಸ ಕಮ್ಮಿ. ಒಂದೇ ಷರತ್ತು: ಭಾರ ಕೀಲಿನ ಮೇಲೇ ಬೀಳಬೇಕು. ಕಡ್ಡಿಯ ನಡುವೆ ಬಿದ್ದರೆ ಆ ಕಡ್ಡಿ ಮತ್ತೆ ಸಾದಾ ಬೀಮು. ಕಲ್ಯಾಣ ಮಂಟಪದ ಶೀಟ್ ಮಾಡಿನಲ್ಲಿ ಪರ್ಲಿನ್‌ಗಳು, ಅಂದರೆ ಶೀಟನ್ನು ಹೊರುವ ಅಡ್ಡ ಪಟ್ಟಿಗಳು, ಎಲ್ಲಿ ಕೂತಿವೆ ಅಂತ ಮುಂದಿನ ಮದುವೆಯಲ್ಲಿ ತಲೆ ಎತ್ತಿ ನೋಡಿ. ಊಟ ಆದ ಮೇಲೆ.

ಶುಕ್ರವಾರಕ್ಕೆ ಇನ್ನು ಸ್ವಲ್ಪ. ಮೇಲಿನ ಸಾಲಿನ ಕಡ್ಡಿ ಒತ್ತಡದಲ್ಲಿರುತ್ತದೆ, ಅದನ್ನು ಜೋಡಿ ಮಾಡಿ, ಎರಡರ ನಡುವೆ ಸಣ್ಣ ತುಂಡು ಇಟ್ಟು ಅಂಟಿಸಿ. ಕೆಳಗಿನದು ಒಂದೇ ಸಾಕಾಗಬಹುದು, ಅಲ್ಲಿ ಅಂಟು ಬಿಡದಂತೆ ತುದಿಗಳನ್ನು ಜಾಸ್ತಿ ಒಂದರ ಮೇಲೊಂದು ಬರಿಸಿ. ಭಾರದ ಕೊಕ್ಕೆಯನ್ನು ಕೀಲಿಗೇ ಹಾಕಿ.

ಬಹಳ ಜನ ಸೋಲುವುದು ಮಾತ್ರ ಬೇರೆ ಕಡೆ. ಅಕ್ಕಪಕ್ಕದ ಎರಡು ಟ್ರಸ್ಸನ್ನು ಅಚ್ಚುಕಟ್ಟಾಗಿ ಮಾಡಿರುತ್ತಾರೆ, ಅವೆರಡನ್ನು ಸೇರಿಸಲು ಮೇಲೆ ಬರೀ ಅಡ್ಡ ಕಡ್ಡಿಗಳನ್ನು ಇಟ್ಟಿರುತ್ತಾರೆ. ಮೇಲಿಂದ ನೋಡಿದರೆ ಅದೇನು? ಸಾಲು ಚೌಕ! ಭಾರ ಏರುತ್ತಿದ್ದ ಹಾಗೆ ಇಡೀ ಸೇತುವೆ ಪಕ್ಕಕ್ಕೆ ತಿರುಚಿಕೊಂಡು ಮಲಗುತ್ತದೆ, ಒಂದು ಕಡ್ಡಿಯೂ ಮುರಿಯದೆ. ಅಲ್ಲೂ ಓರೆ ಹಾಕಿ. ಪಟ್ಟಿ, ಬೋಲ್ಟ್ ಇಲ್ಲೇ ಮೇಜಿನ ಮೇಲಿವೆ, ನಾಲ್ಕು ನಾಲ್ಕು ಜನ ಬನ್ನಿ, ಅಂಟು ಮುಟ್ಟುವ ಮುಂಚೆ ನಿಮ್ಮ ಆಕಾರವನ್ನು ಇದರಲ್ಲಿ ಕಟ್ಟಿ ಅಲ್ಲಾಡಿಸಿ ನೋಡಿ.