ಅಪ್ಪನವರಿಗೆ

ಜೇವರ್ಗಿ ತಾಲ್ಲೂಕು
ಎಳ್ಳ ಅಮಾವಾಸ್ಯೆಯ ಮರುದಿನ, ರಾತ್ರಿ

ತೀರ್ಥರೂಪ ಅಪ್ಪನವರ ಪಾದಗಳಿಗೆ ನಿಮ್ಮ ಹಿರಿಯ ಮಗಳ ಶಿರಸಾಷ್ಟಾಂಗ ನಮಸ್ಕಾರಗಳು.

ಇದರ ಮುಂದಿನ ಸಾಲಿನಲ್ಲಿ ‘ಇತ್ತ ಎಲ್ಲರೂ ಕ್ಷೇಮ, ತಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಬೇಕು’ ಎಂದು ಬರೆಯಬೇಕೆಂಬುದನ್ನು, ನಾನು ಕಲಬುರಗಿಯ ಹಾಸ್ಟೆಲ್ಲಿಗೆ ಸೇರಿದ ವರ್ಷ ನೀವೇ ಇನ್‌ಲ್ಯಾಂಡ್ ಪತ್ರದ ಮೇಲೆ ಬರೆದು ಕಲಿಸಿದ್ದಿರಿ. ಇತ್ತ ಎಲ್ಲರೂ ಕ್ಷೇಮ. ಉಳಿದರ್ಧವನ್ನು ಬರೆಯಲು ಕೈ ಬರಲಿಲ್ಲ.

ನಿಮ್ಮ ಮುಂದೆ ಒಂದು ಸುಳ್ಳು ಹೇಳಿದ್ದೆ. ಶ್ರಾವಣದಲ್ಲಿ ನಿಮ್ಮನ್ನು ಕಲಬುರಗಿಯ ಆಸ್ಪತ್ರೆಗೆ ತೋರಿಸಿದ ದಿನ ಡಾಕ್ಟರು ನನ್ನನ್ನೂ ತಮ್ಮನನ್ನೂ ಹೊರಗೆ ಕರೆದು, ಜಠರದ ಕ್ಯಾನ್ಸರ್ ಈಗಾಗಲೇ ಯಕೃತ್ತಿಗೆ ಹಬ್ಬಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದರು. ಹೇಳಿದರೆ ಅಪ್ಪ ಎದೆ ಒಡೆದುಕೊಳ್ಳುತ್ತಾರೆ, ಹೇಳುವುದು ಬೇಡ ಎಂದು ತಮ್ಮ ಅಂದ, ನಾನು ಒಪ್ಪಿದೆ. ತಪ್ಪನ್ನು ಅವನ ಮೇಲೆ ಹಾಕಲಾರೆ, ಏಕೆಂದರೆ ಒಪ್ಪುವಾಗ ನನಗೆ ಹಗುರವೇ ಆಗಿತ್ತು. ಊರಿಗೆ ಮರಳುವಾಗ ಬಸ್ಸು ಕಟ್ಟಿಸಂಗಾವಿಯ ಸೇತುವೆ ಏರಿದ ಹೊತ್ತಿಗೆ ನೀವು ‘ಡಾಕ್ಟರ್ ಏನ್ ಅಂದ್ರು ಯವ್ವಾ?’ ಎಂದು ಕೇಳಿದಿರಿ. ಹೊಟ್ಟೆಹುಣ್ಣು, ಮೂರು ತಿಂಗಳು ಗುಳಿಗೆ ತೆಗೆದುಕೊಂಡರೆ ಸಾಕು ಎಂದೆ. ನೀವು ಕಿಟಕಿಯಾಚೆ ಭೀಮೆಯನ್ನು ನೋಡಿ ‘ಹೊಳಿ ತುಂಬ್ಯಾದ’ ಎಂದಿರಿ. ಆಮೇಲೆ ಆ ಪ್ರಶ್ನೆಯನ್ನು ನೀವು ಮತ್ತೆಂದೂ ಕೇಳಲಿಲ್ಲ.

ನಿನ್ನೆ ಚರಗ ಚೆಲ್ಲಿ ಬಂದು ಬನ್ನಿ ಗಿಡದ ಕೆಳಗೆ ಊಟಕ್ಕೆ ಕುಳಿತಾಗ ಈ ಮಾತನ್ನು ಅವ್ವನ ಮುಂದೆ ಹೇಳಿಬಿಟ್ಟೆ. ಅವಳು ಭಜ್ಜಿ ಬಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. ಆಸ್ಪತ್ರೆಯಿಂದ ಬಂದ ಆ ರಾತ್ರಿಯೇ ನೀವು ಅವಳಿಗೆ ‘ಹುಡುಗಿ ಹೆದರ್ಯಾಳ, ಆಕಿಗಿ ಏನೂ ಕೇಳಬ್ಯಾಡ’ ಎಂದಿದ್ದಿರಂತೆ.

ಅದಕ್ಕಾಗಿಯೇ ಈ ಪತ್ರ. ಇಷ್ಟು ದಿನ ನಿಮ್ಮನ್ನು ಮೋಸಗೊಳಿಸಿದೆನೆಂದು ಅಳುತ್ತಿದ್ದೆ. ಈಗ ತಿಳಿಯುತ್ತಿರುವುದು ಬೇರೆಯೇ. ನನ್ನ ಸುಳ್ಳನ್ನು ಕಾಯಲು ನೀವು ಆರು ತಿಂಗಳು ಒಬ್ಬರೇ ನಟಿಸಬೇಕಾಯಿತು. ಗುಳಿಗೆಯಿಂದ ಗುಣವಾಗುತ್ತಿದೆ ಎಂದು ನನ್ನ ಸಮಾಧಾನಕ್ಕೆ ಹೇಳುತ್ತಿದ್ದಿರಿ, ನಾನು ನಂಬಿದವಳಂತೆ ತಲೆಯಾಡಿಸುತ್ತಿದ್ದೆ. ನೋವಾಗುತ್ತಿದೆ ಎಂದು ನನ್ನೆದುರು ಒಮ್ಮೆ ಬಾಯಿಬಿಟ್ಟು ಅನ್ನುವ ಅವಕಾಶವನ್ನೂ ನಾನು ನಿಮಗೆ ಕೊಡಲಿಲ್ಲ, ಅಪ್ಪ.

ದೀಪಾವಳಿಯ ನಂತರ ನೀವು ನನ್ನನ್ನು ಕೆಳಗಿನ ಹೊಲಕ್ಕೆ ಕರೆದೊಯ್ದದ್ದು ಈಗ ಬೇರೆಯಾಗಿ ನೆನಪಾಗುತ್ತದೆ. ತೊಗರಿಗೆ ನೆಟೆ ರೋಗ ಬಿದ್ದಿತ್ತು. ಕಾಯಿ ಹಿಡಿದ ಗಿಡಗಳು ನಿಂತಲ್ಲೇ ಒಣಗುತ್ತಿದ್ದವು. ಇನ್ನೂ ಅರ್ಧ ಹಸಿರಾಗಿದ್ದ ಒಂದು ಗಿಡವನ್ನು ಕಿತ್ತು, ಕುಡುಗೋಲಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಗೆರೆಯನ್ನು ತೋರಿಸಿ, ‘ಇದಕ್ಕ ಎಣ್ಣಿ ಹೊಡದು ಉಪಯೋಗಿಲ್ಲ ಯವ್ವಾ, ಮಣ್ಣಾಗೇ ಅದ’ ಎಂದಿರಿ. ಮುಂದಿನ ವರ್ಷ ಇಲ್ಲಿ ತೊಗರಿ ಬಿತ್ತಬೇಡಿ, ಜೋಳ ಹಾಕಿರಿ ಎಂದಿರಿ. ‘ಬಿತ್ತೋಣ’ ಎನ್ನಲಿಲ್ಲ. ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ಕೇಳಿಸಿಕೊಳ್ಳದವಳಂತೆ ಇದ್ದೆ. ಮನೆಗೆ ಬಂದು ಪಹಣಿ ಯಾವ ಟ್ರಂಕಿನಲ್ಲಿದೆ, ಕಳೆ ತೆಗೆದ ಹೆಣ್ಣುಮಕ್ಕಳಿಗೆ ಎಷ್ಟು ಕೂಲಿ ಬಾಕಿ ಎಂದು ನನ್ನ ಕೈಯಿಂದಲೇ ಬರೆಸಿದಿರಿ. ನಾನು ಲೆಕ್ಕವನ್ನಷ್ಟೇ ಬರೆದುಕೊಂಡೆ. ಆಗ ಪೆನ್ನು ಕೆಳಗಿಟ್ಟು ‘ಅಪ್ಪ, ನಿಮಗೆ ಗೊತ್ತಿದೆಯೇ?’ ಎಂದು ಕೇಳಬೇಕಿತ್ತು. ಕೇಳಿದ್ದರೆ ಇಬ್ಬರೂ ಅಳುತ್ತಿದ್ದೆವು, ಅಷ್ಟೇ. ಮಾಘದಲ್ಲಿ ನೀವು ಹೋದ ಮೇಲೆ ನಾನೊಬ್ಬಳೇ ಅತ್ತದ್ದಕ್ಕಿಂತ ಅದು ಎಷ್ಟೋ ಮೇಲಾಗುತ್ತಿತ್ತು.

ನಿಮ್ಮ ಮೇಲೆ ಸ್ವಲ್ಪ ಸಿಟ್ಟೂ ಇದೆ, ಅದನ್ನೂ ಬರೆಯುತ್ತೇನೆ. ಹೆದರಿದ ಮಗಳಿಗೆ ಧೈರ್ಯ ಹೇಳುವುದನ್ನು ಬಿಟ್ಟು ಅವಳನ್ನು ಅವಳ ಸುಳ್ಳಿನೊಳಗೇ ಏಕೆ ಉಳಿಸಿದಿರಿ? ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರಿದರೆ ಕೈಹಿಡಿದು ಅಂಗಳಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದವರು ನೀವೇ ಅಲ್ಲವೇ?

ಕೆಳಗಿನ ಹೊಲದಲ್ಲಿ ಈ ಹಿಂಗಾರಿಗೆ ಜೋಳ ಬಿತ್ತಿದ್ದೇವೆ, ತೆನೆ ಹೊಡೆಯುತ್ತಿದೆ. ನಿನ್ನೆ ತಮ್ಮ ಚರಗ ಚೆಲ್ಲುತ್ತ ಹೊಲದ ಸುತ್ತ ಕೂಗಿದಾಗ ಅವನ ದನಿ ನಿಮ್ಮದರಂತೆಯೇ ಕೇಳಿ ಅವ್ವ ತಿರುಗಿ ನೋಡಿದಳು. ಮೊದಲ ಎಡೆಯನ್ನು ನಿಮ್ಮ ಗದ್ದುಗೆಗೆ ಇಟ್ಟೆವು. ಕೂಲಿ ಬಾಕಿಯೆಲ್ಲ ತೀರಿದೆ. ಪಟ್ಟಿಯಲ್ಲಿದ್ದ ಒಬ್ಬಾಕೆ ತನಗೆ ಬರಬೇಕಾದದ್ದು ನೀವು ಬರೆಸಿದ್ದಕ್ಕಿಂತ ಕಡಿಮೆ ಎಂದು ಹೇಳಿ ಇನ್ನೂರು ರೂಪಾಯಿ ಹಿಂದಕ್ಕೆ ಕೊಟ್ಟಳು.

ಈ ಪತ್ರವನ್ನು ಮಡಚಿ ಟ್ರಂಕಿನಲ್ಲಿ ಪಹಣಿಯ ಕೆಳಗೆ ಇಡುತ್ತೇನೆ. ಬರಹದಲ್ಲಿ ತಪ್ಪಿದ್ದರೆ ಕ್ಷಮಿಸಬೇಕು.

ಇಂತಿ ನಿಮ್ಮ
ಹಿರಿಯ ಮಗಳು