ನಾಯ್ಕರಿಗೊಂದು ಗ್ಲಾಸ್ ಮುರುಗಲು ಶರಬತ್ತು

ಎಲ್ಲರಿಗೂ ನಮಸ್ಕಾರ. ಸಾಹೇಬರೇ, ಶಿರಸ್ತೇದಾರ್ ಮೇಡಂ, ನಾಯ್ಕರ ಮನೆಯಿಂದ ಬಂದ ಅಕ್ಕ, ಮಕ್ಕಳೇ, ನಮ್ಮ ಕಚೇರಿಯ ಎಲ್ಲ ಬಳಗದವರೇ,

ಎಲ್ಲರ ಕೈಯಲ್ಲೂ ಗ್ಲಾಸ್ ಇದೆ ಅಲ್ವಾ? ದಯವಿಟ್ಟು ಈಗಲೇ ಕುಡಿಯಬೇಡಿ. ಇದು ಮುರುಗಲು ಶರಬತ್ತು. ಕಾಳಿ ಸೇತುವೆ ದಾಟಿದರೆ ಗೋವಾ ಹತ್ತಿರ ಅಂತ ಯಾರೂ ಬೇರೇನೋ ಊಹೆ ಮಾಡಿಕೊಳ್ಳಬೇಡಿ. ನಾಯ್ಕರ ಮನೆ ಹಿತ್ತಲಿನದೇ ಹಣ್ಣು, ಅಕ್ಕನೇ ಮಾಡಿ ಕಳಿಸಿದ್ದು.

ಮೈಕ್ ನನ್ನ ಕೈಗೆ ಯಾಕೆ ಕೊಟ್ಟರು ಅಂತ ಗೊತ್ತಿದೆ. ನಾಯ್ಕರು ಇವತ್ತು ನಿವೃತ್ತಿ, ನಾಳೆಯಿಂದ ಅವರ ರೆಕಾರ್ಡ್ ರೂಮು ನನ್ನ ತಲೆಗೆ. ಅಂದರೆ ಇಲ್ಲಿರುವವರಲ್ಲಿ ನಾಯ್ಕರು ಹೋಗುವುದರಿಂದ ಜಾಸ್ತಿ ಕಷ್ಟ ಆಗುವುದು ನನಗೇ. ಅಕ್ಕ, ನಿಮಗೂ ಸ್ವಲ್ಪ ಆಗಬಹುದು. ಇನ್ನು ದಿನವಿಡೀ ಮನೆಯಲ್ಲೇ ಇರುತ್ತಾರೆ.

33 ವರ್ಷದ ಕೆಳಗೆ ದಲಾಯತ್ ಆಗಿ ಸೇರಿದವರು ಇವರು. ಆಮೇಲೆ ಬಡ್ತಿ, ವರ್ಗಾವಣೆ, ಮತ್ತೆ ಕಾರವಾರ. ಅದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ, ಈಗ ಓದುವುದಿಲ್ಲ. ಅದರಲ್ಲಿ ಇಲ್ಲದ್ದನ್ನು ಹೇಳ್ತೇನೆ.

ನಾನು ಇಲ್ಲಿಗೆ ಬಂದ ಮೊದಲ ವಾರ. ಒಬ್ಬ ಮುದುಕಿ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ನಾಲ್ಕಾಗಿ ಮಡಚಿದ ಒಂದು ಚೀಟಿ. ಗಂಡ ಗೇಣಿ ಮಾಡುತ್ತಿದ್ದ ಗದ್ದೆ, 1974ರ ಭೂ ಸುಧಾರಣೆ ತಿದ್ದುಪಡಿ ಕಾಯ್ದೆ ಬಂದಮೇಲೆ ಫಾರಂ ನಂಬರ್ 7 ಅರ್ಜಿ ಕೊಟ್ಟಿದ್ದರಂತೆ. ನ್ಯಾಯಮಂಡಳಿಯ ಆದೇಶದ ನಕಲು ಬೇಕಿತ್ತು. ಸರ್ವೆ ನಂಬರು ಗೊತ್ತಿಲ್ಲ, ಕೇಸ್ ನಂಬರು ಗೊತ್ತಿಲ್ಲ, ವರ್ಷವೂ ಸರಿಯಾಗಿ ಗೊತ್ತಿಲ್ಲ. ನಾನು ಹೊಸಬ. "ಅಮ್ಮ, ನಂಬರ್ ಇಲ್ಲದೆ ಸಿಗುವುದಿಲ್ಲ" ಅಂದುಬಿಟ್ಟೆ.

ಹಿಂದಿನಿಂದ ನಾಯ್ಕರು ಕುರ್ಚಿ ಎಳೆದ ಸದ್ದು. "ಬಸ ಆಯಿ" ಅಂದರು. ಕೂರಿಸಿದರು. ಆಮೇಲೆ ಕೊಂಕಣಿಯಲ್ಲಿ ಮಾತು ಶುರು. ಗದ್ದೆಯ ಆಚೆ ಯಾರ ಮನೆ, ಹಳ್ಳ ಯಾವ ಕಡೆ, ಒಡೆಯರು ಯಾರು, ಆ ವರ್ಷ ಊರಲ್ಲಿ ಏನು ನಡೆದಿತ್ತು. ನನಗೆ ಸಿಟ್ಟು ಬಂತು. ಹೊರಗೆ ಹತ್ತು ಜನ ನಿಂತಿದ್ದಾರೆ, ಇವರು ಸುಮ್ನೆ ಪಟ್ಟಾಂಗ ಹೊಡೀತಿದ್ದಾರಲ್ಲ ಅಂತ. ಆಮೇಲೆ ಗೊತ್ತಾಯಿತು, ಅವರು ಹುಡುಕಲು ಶುರು ಮಾಡಿ ಕಾಲು ಗಂಟೆ ಆಗಿತ್ತು. ಒಡೆಯರ ಹೆಸರು ಸಿಕ್ಕಿತ್ತು, ಊರು ಸಿಕ್ಕಿತ್ತು, ವರ್ಷ ಹೆಚ್ಚು ಕಡಿಮೆ ಸಿಕ್ಕಿತ್ತು. ಒಳಗೆ ಹೋಗಿ ಮೂರನೇ ಕಪಾಟಿನಿಂದ ಕೆಂಪು ರುಮಾಲಿನ ಗಂಟೊಂದನ್ನು ಇಳಿಸಿದರು. ಆ ಗಂಟಿನಲ್ಲಿ ಇರಲಿಲ್ಲ. ಅದರ ಪಕ್ಕದ್ದರಲ್ಲಿತ್ತು. ಪೂರ್ತಿ ಪವಾಡ ಏನಲ್ಲ, ಹೇಳಿಬಿಡ್ತೇನೆ.

ಈ ಎಂಟು ವರ್ಷದಲ್ಲಿ ಎಷ್ಟೋ ಕಾಗದ ಸಿಗದೆ ಹೋಗಿದೆ. ಆದರೆ ಬಂದವರು ನಿಂತಿರುವಾಗ "ಇಲ್ಲ" ಅಂದದ್ದನ್ನು ನಾನು ನೋಡಿಲ್ಲ. ಮೊದಲು ಕೂರಿಸುವುದು, ಹುಡುಕುವುದು, ಕೊನೆಗೆ "ಇಲ್ಲ" ಅನ್ನಬೇಕಾದರೆ ಪಕ್ಕದಲ್ಲೇ ಕೂತು ಹೇಳುವುದು.

2019ರ ಆಗಸ್ಟ್ ನಿಮಗೆಲ್ಲ ನೆನಪಿದೆ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಕಾಳಿ ದಂಡೆಯ ಮನೆಗಳಿಗೆಲ್ಲ ನುಗ್ಗಿತು. ನೀರು ಇಳಿದ ಮೇಲೆ ಜನ ಇಲ್ಲಿಗೆ ಬಂದರು. ಪಹಣಿ ಹೋಗಿದೆ, ಹಕ್ಕುಪತ್ರ ಹೋಗಿದೆ, ಕೆಲವರ ಬಳಿ ಅರ್ಜಿ ಬರೆಯಲು ಪೆನ್ನೂ ಇಲ್ಲ. ಒಬ್ಬರು ಒದ್ದೆ ಕಾಗದದ ಉಂಡೆಯನ್ನೇ ತಂದಿದ್ದರು. ನಾಯ್ಕರು ಅದನ್ನು ಬಿಸಾಡಲಿಲ್ಲ. ಟೇಬಲ್ ಮೇಲೆ ಹಳೇ ಪೇಪರ್ ಹಾಸಿ, ಅಡಿಪಟ್ಟಿಯ ತುದಿಯಿಂದ ಒಂದೊಂದೇ ಹಾಳೆ ಬಿಡಿಸಿ, ಮಧ್ಯೆ ಮಧ್ಯೆ ರದ್ದಿ ಇಟ್ಟು, ಫ್ಯಾನಿನ ಕೆಳಗೆ ಒಣಹಾಕಿದರು. ನಾಲ್ಕನೇ ದಿನ ಒಂದು ಹಾಳೆಯಲ್ಲಿ ಸರ್ವೆ ನಂಬರು ಕಾಣಿಸಿತು. ಅಷ್ಟು ಸಾಕಿತ್ತು, ಉಳಿದದ್ದು ನಮ್ಮ ಕಡತದಲ್ಲಿತ್ತು.

ಇನ್ನು ಗುಂಡುಪಿನ್ನಿನ ವಿಷಯ. ನಮ್ಮಲ್ಲಿ ಇವರ ಬಾಯಿಂದ ಬೈಸಿಕೊಳ್ಳದವರು ಯಾರಿದ್ದೀರಿ, ಕೈ ಎತ್ತಿ. ನೋಡಿ, ಸಾಹೇಬರೂ ಎತ್ತಲಿಲ್ಲ! ಈ ಉಪ್ಪು ಗಾಳಿಗೆ ಪಿನ್ನು ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕು ಕಾಗದ ತಿನ್ನುತ್ತದೆ. ಅದಕ್ಕೇ ಕಡತ ಕೈಗೆ ಬಂದ ಕೂಡಲೇ ಪಿನ್ನು ಕಿತ್ತು ದಾರ ಹಾಕುವುದು. ಕಿತ್ತ ಪಿನ್ನುಗಳನ್ನೆಲ್ಲ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟಿದ್ದಾರೆ. ಮುಕ್ಕಾಲು ಬಾಟಲಿ, ಎಲ್ಲ ಕೆಂಪು. ಭೂ ಸುರಕ್ಷಾ ಯೋಜನೆಯ ಸ್ಕ್ಯಾನಿಂಗ್ ಹುಡುಗರು ಬಂದಾಗ ನಮ್ಮ ಹಳೇ ಕಡತಗಳ ಹಾಳೆ ಹರಿಯದೆ ಬಿಡಿಸಲು ಬಂತಲ್ಲ, ಅದಕ್ಕೆ ಕಾರಣ ಆ ಬಾಟಲಿ. ಅದು ನನಗೇ ಬೇಕು ಅಂತ ಈಗಾಗಲೇ ಕೇಳಿಟ್ಟಿದ್ದೇನೆ.

ಹಾಗಂತ ಇವರೇನು ದೇವರಲ್ಲ. ಜೂನ್, ಜುಲೈ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ನಾಯ್ಕರ ಹತ್ತಿರ ರಜೆ ಚೀಟಿ ತೆಗೆದುಕೊಂಡು ಹೋದವರಿಗೆ ಗೊತ್ತು. ಡಬ್ಬಿಯಲ್ಲಿ ಒಣಮೀನಿನ ಚಟ್ನಿ, ಮುಖದಲ್ಲಿ ಅದಕ್ಕಿಂತ ಜಾಸ್ತಿ ಖಾರ. ತಾಜಾ ಬಂಗಡೆ ಬಂದ ದಿನ ಅದೇ ಚೀಟಿಗೆ ನಗುತ್ತಾ ಸಹಿ. ನಾನಂತೂ ಆಗಸ್ಟಿಗೆ ಕಾದು ರಜೆ ಕೇಳುವುದನ್ನು ಕಲಿತೆ. ಕಂಪ್ಯೂಟರಿನ ಪಾಸ್‌ವರ್ಡನ್ನು ಮಾನಿಟರಿನ ಮೇಲೇ ಅಂಟಿಸುವ ಚಟ ಕೂಡ ಹೋಗಲೇ ಇಲ್ಲ.

2024ರ ಆಗಸ್ಟ್ 7. ರಾತ್ರಿ ಹಳೇ ಕಾಳಿ ಸೇತುವೆ ಕುಸಿದ ಸುದ್ದಿ. ಲಾರಿಯ ಚಾಲಕ ಬದುಕಿ ಬಂದ, ಪುಣ್ಯ. ನಾಯ್ಕರು ಸದಾಶಿವಗಡದವರು, ದಿನಾ ಹೊಳೆ ದಾಟಿ ಬರುವವರು. ಇವತ್ತು ಬರುವುದಿಲ್ಲ ಅಂದುಕೊಂಡು ನಾನೇ ರೂಮಿನ ಬೀಗ ತೆಗೆಯಲು ಹೊರಟೆ. ಕೀಲಿ ಎಲ್ಲಿದೆ ಅಂತಲೇ ಗೊತ್ತಿಲ್ಲ. ಹುಡುಕುತ್ತಾ ಇರುವಾಗ ತಡವಾಗಿಯಾದರೂ ಇವರು ಬಂದೇ ಬಂದರು, ಕೊಡೆ ಮಡಚುತ್ತಾ. "ಸೇತುವೆಗೆ ನಲವತ್ತು ಚಿಲ್ಲರೆಗೇ ಸಾಕಾಯ್ತು ಮಾರಾಯ. ನನಗೆ ಐವತ್ತೆಂಟು, ಇನ್ನೂ ನಿಂತಿದ್ದೇನೆ ನೋಡು" ಅಂದರು. ಆಮೇಲೆ ಸುಮ್ಮನಾದರು. ಮಧ್ಯಾಹ್ನ ಕಿಟಕಿ ಹತ್ತಿರ ಒಬ್ಬರೇ ನಿಂತಿದ್ದರು. ಆ ಸೇತುವೆ ಮೇಲೆ ಸೈಕಲ್ ಹೊಡೆದೇ ಮೊದಲ ದಿನದ ಡ್ಯೂಟಿಗೆ ಬಂದದ್ದಂತೆ. ಅದನ್ನು ಅವತ್ತು ಹೇಳಲಿಲ್ಲ. ಹೋದ ವಾರ ಹೇಳಿದರು.

ನಾಯ್ಕರೇ, ಇನ್ನು ಮೀನುಗಾರಿಕೆ ನಿಲ್ಲುವ ಹೊತ್ತು. ಬೋಟುಗಳೂ ನೀವೂ ಒಟ್ಟಿಗೇ ದಡಕ್ಕೆ ಬರ್ತಿದ್ದೀರಿ. ಬೋಟುಗಳು ಆಗಸ್ಟಿಗೆ ಮತ್ತೆ ಹೊರಡುತ್ತವೆ. ನೀವು ಅವತ್ತೊಂದು ದಿನ ಇತ್ತ ಬನ್ನಿ. ಬಂಗಡೆ ನಾವು ತರುತ್ತೇವೆ, ನೀವು ಸುಮ್ನೆ ಕೂತು ಊಟ ಮಾಡಿ. ಕಪಾಟಿನ ಕಡೆ ನೋಡುವ ಹಾಗಿಲ್ಲ. ನೋಡಿದರೂ ಬೈಯುವ ಹಾಗಿಲ್ಲ.

ಈಗ ಎಲ್ಲರೂ ಗ್ಲಾಸ್ ಎತ್ತಿ. ಸಾಹೇಬರೇ, ನೀವೂ.

ನಾಯ್ಕರ ಆರೋಗ್ಯಕ್ಕೆ! ಅಕ್ಕನ ತಾಳ್ಮೆಗೆ! ಹಾರ್ಲಿಕ್ಸ್ ಬಾಟಲಿಗೆ!

ಕುಡಿಯಿರಿ.

ಮತ್ತೆ ನಾಯ್ಕರೇ, ಹೊರಡುವ ಮೊದಲು ಆ ಕೀಲಿ ಎಲ್ಲಿಡ್ತೀರಿ ಅಂತ ಮಾತ್ರ ನನ್ನ ಕಿವಿಯಲ್ಲಿ ಹೇಳಿ ಹೋಗಿ.