ಕಂಪನಿಯಲ್ಲಿ ಆಗುತ್ತಿರುವ ಬದಲಾವಣೆಗಳು: ಏನು ಬದಲಾಗುತ್ತದೆ, ಏನು ಉಳಿಯುತ್ತದೆ, ಉಳಿದದ್ದು ಯಾವಾಗ ತಿಳಿಯುತ್ತದೆ

ಏಪ್ರಿಲ್ 6, ಸೋಮವಾರ

ಎಲ್ಲರಿಗೂ ನಮಸ್ಕಾರ,

ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಬಿಲ್ಲಿಂಗ್ ಮಷೀನ್ ತಯಾರಿಸುವುದನ್ನು ಜೂನ್ 30ಕ್ಕೆ ನಿಲ್ಲಿಸುತ್ತಿದ್ದೇವೆ. ಇದರಿಂದ ನಮ್ಮಲ್ಲಿ 28 ಜನರ ಕೆಲಸ ಹೋಗುತ್ತದೆ. ಆ 28 ಜನರ ಜೊತೆಗೂ ಇವತ್ತು ಬೆಳಿಗ್ಗೆ ಒಬ್ಬೊಬ್ಬರಾಗಿ ಕೂತು ಮಾತಾಡಿದ್ದೇವೆ. ರಜೆಯಲ್ಲಿದ್ದ ಇಬ್ಬರಿಗೆ ಫೋನ್ ಮಾಡಿ ಹೇಳಿದ್ದೇವೆ. ಆದ್ದರಿಂದ ಇದನ್ನು ಓದುತ್ತಾ "ನನ್ನ ಹೆಸರೂ ಇದೆಯಾ" ಅಂತ ಯಾರೂ ಗಾಬರಿಯಾಗಬೇಕಿಲ್ಲ. ನಿಮ್ಮನ್ನು ಕರೆದು ಮಾತಾಡಿಲ್ಲ ಅಂದರೆ ಆ 28ರಲ್ಲಿ ನೀವಿಲ್ಲ.

ಈ ತೀರ್ಮಾನ ಯಾಕೆ? ಮೂರು ವರ್ಷದ ಹಿಂದೆ ನಮ್ಮ ಆದಾಯದಲ್ಲಿ 58% ಮಷೀನಿನಿಂದ ಬರುತ್ತಿತ್ತು. ಕಳೆದ ವರ್ಷ ಬಂದದ್ದು 19%. ಎರಡು ವರ್ಷದಿಂದ ಈ ವಿಭಾಗ ನಷ್ಟದಲ್ಲಿದೆ, ಸಾಫ್ಟ್‌ವೇರ್‌ನ ಲಾಭದಲ್ಲಿ ಅದನ್ನು ತುಂಬಿಸುತ್ತಾ ಬಂದಿದ್ದೇವೆ. ಅಂಕಿಅಂಶ ಬೇಡ ಅನ್ನುವವರು ಸರ್ವಿಸ್ ವಿಭಾಗದ ಕಪಾಟನ್ನು ಒಮ್ಮೆ ನೋಡಿ. ರಿಪೇರಿಯಾಗಿ, ಒರೆಸಿ, ಚೀಟಿ ಅಂಟಿಸಿಟ್ಟ ಮಷೀನುಗಳು ಸಾಲಾಗಿ ಕೂತಿವೆ. ಮಾಲೀಕರು ತಗೊಂಡು ಹೋಗಲು ಬಂದಿಲ್ಲ. ರಿಪೇರಿ ಮುಗಿಯುವಷ್ಟರಲ್ಲಿ ಅವರು ನಮ್ಮದೇ ಆ್ಯಪ್ ಹಾಕಿಕೊಂಡು ಫೋನಿನಲ್ಲಿ ಬಿಲ್ ಮಾಡಲು ಶುರು ಮಾಡಿದ್ದಾರೆ. ಮಷೀನು ಕೆಟ್ಟದ್ದೇನಲ್ಲ. ಅದನ್ನು ತಯಾರಿಸಿದವರ ಕೆಲಸದಲ್ಲೂ ಕೊರತೆ ಇರಲಿಲ್ಲ. ಕೊಳ್ಳುವವರು ಕಡಿಮೆಯಾದರು, ಅಷ್ಟೇ.

ಮಷೀನ್ ವಿಭಾಗದಲ್ಲಿ ಒಟ್ಟು 41 ಜನ ಇದ್ದಾರೆ. ಅವರಲ್ಲಿ 13 ಜನ ಈಗಿನ ಸಂಬಳದಲ್ಲೇ ಸರ್ವಿಸ್ ವಿಭಾಗಕ್ಕೆ ಹೋಗುತ್ತಾರೆ. ಈ 13 ಜನರನ್ನು ಹೇಗೆ ಆರಿಸಿದಿರಿ ಅಂತ ನೀವು ಕೇಳೇ ಕೇಳುತ್ತೀರಿ. ಬೋರ್ಡ್ ರಿಪೇರಿ ಮತ್ತು ಬ್ಯಾಟರಿ ಪರೀಕ್ಷೆ ಬಲ್ಲವರನ್ನು ತಗೊಂಡಿದ್ದೇವೆ. ಎಷ್ಟು ವರ್ಷದಿಂದ ಇದ್ದಾರೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇದು ಸರಿಯಲ್ಲ ಅಂತ ಹಳಬರಿಗೆ ಅನ್ನಿಸಬಹುದು, ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಸರ್ವಿಸ್‌ನಲ್ಲಿ ಮೊದಲ ದಿನದಿಂದಲೇ ಈ ಕೆಲಸಕ್ಕೆ ಕೈ ಬೇಕು.

ಹೊರಡುವ 28 ಜನರಿಗೆ ಏನು ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರಲಿ. ಜೂನ್ 30ರವರೆಗೆ ಪೂರ್ತಿ ಸಂಬಳ. ಅದರ ಮೇಲೆ, ಇಲ್ಲಿ ಕಳೆದ ಒಂದೊಂದು ವರ್ಷಕ್ಕೂ ಒಂದು ತಿಂಗಳ ಸಂಬಳ. ಮೂರು ವರ್ಷ ತುಂಬದವರಿಗೂ ಮೂರು ತಿಂಗಳಿಗೆ ಕಡಿಮೆ ಇಲ್ಲ. ಉಳಿದ ರಜೆಗೆ ಹಣ ಕೊಡುತ್ತೇವೆ. ಆರೋಗ್ಯ ವಿಮೆ ಡಿಸೆಂಬರ್ 31ರವರೆಗೆ ಮನೆಯವರಿಗೂ ಸೇರಿ ಮುಂದುವರಿಯುತ್ತದೆ. ನಡುವೆ ಬೇರೆ ಕಡೆ ಕೆಲಸ ಸಿಕ್ಕಿ ಬೇಗ ಹೊರಟರೆ ಈ ಹಣದಲ್ಲಿ ಒಂದು ಪೈಸೆಯನ್ನೂ ಕಡಿಯುವುದಿಲ್ಲ. ಇಂಟರ್‌ವ್ಯೂಗೆ ಹೋಗಲು ರಜೆ ಹಾಕಬೇಕಿಲ್ಲ, ಟೀಮ್ ಲೀಡ್‌ಗೆ ಒಂದು ಮಾತು ಹೇಳಿದರೆ ಸಾಕು.

ಇನ್ನು ಸಾಫ್ಟ್‌ವೇರ್. ಬಿಲ್ಲಿಂಗ್ ಮತ್ತು ಸ್ಟಾಕ್ ಟೀಮ್‌ಗಳು ಮೇ 4ರಿಂದ ಒಂದೇ ಟೀಮ್ ಆಗುತ್ತವೆ. ಒಂದೇ ಅಂಗಡಿಯವರು ಒಂದೇ ತೊಂದರೆಗೆ ಎರಡು ಕಡೆ ಫೋನ್ ಮಾಡಬೇಕಾಗಿರುವುದು ನಿಮಗೇ ಗೊತ್ತಲ್ವಾ. ಇಲ್ಲಿ ಯಾರ ಕೆಲಸವೂ ಹೋಗುವುದಿಲ್ಲ. ಆದರೆ ಐದು ಟೀಮ್ ಲೀಡ್ ಹುದ್ದೆಗಳು ಮೂರಾಗುತ್ತವೆ. ಇಬ್ಬರು ಲೀಡ್‌ಗಳು ಮತ್ತೆ ಎಂಜಿನಿಯರ್ ಆಗಿ ಮುಂದುವರಿಯುತ್ತಾರೆ. ಸಂಬಳ ಅಷ್ಟೇ ಇರುತ್ತದೆ, ಹುದ್ದೆ ಬದಲಾಗುತ್ತದೆ. ಇದನ್ನು ಹಿಂಬಡ್ತಿ ಅಲ್ಲ ಅಂತ ನಯವಾಗಿ ಹೇಳಬಹುದಿತ್ತು. ಆದರೆ ಅದು ಹಿಂಬಡ್ತಿಯೇ. ಆ ಐವರಿಗೂ ವಿಷಯ ಗೊತ್ತಿದೆ.

ಸೇಲ್ಸ್ ವಿಭಾಗದವರಿಗೆ ಕಷ್ಟದ ಮಾತು: ನಿಮ್ಮ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಮಷೀನ್ ಮಾರುವವರಲ್ಲಿ ಎಷ್ಟು ಜನರಿಗೆ ಸಾಫ್ಟ್‌ವೇರ್ ಮಾರಾಟದಲ್ಲಿ ಕೆಲಸ ಇದೆ ಅಂತ ಲೆಕ್ಕ ಹಾಕುತ್ತಿದ್ದೇವೆ. ಏನೂ ಆಗುವುದಿಲ್ಲ ಅಂತ ಸುಮ್ನೆ ಸಮಾಧಾನ ಹೇಳಲಾರೆ. ಕೆಲವು ಹುದ್ದೆಗಳು ಹೋಗಬಹುದು. ಹಾಗೇನಾದರೂ ಆದರೆ ಮೇಲೆ ಹೇಳಿದ ಪರಿಹಾರವೇ ನಿಮಗೂ ಸಿಗುತ್ತದೆ, ಅದಕ್ಕಿಂತ ಕಡಿಮೆ ಅಲ್ಲ. ಮೇ 15ಕ್ಕೆ ತೀರ್ಮಾನ ತಿಳಿಸುತ್ತೇವೆ. ಅಷ್ಟರಲ್ಲಿ ಮುಗಿಯದಿದ್ದರೂ ಆ ದಿನ ಬರೆಯುತ್ತೇನೆ, ಯಾಕೆ ಮುಗಿದಿಲ್ಲ ಅಂತ ಹೇಳಿ ಹೊಸ ತಾರೀಖು ಕೊಡುತ್ತೇನೆ. ಈ ಐದು ವಾರ ನಿಮಗೆ ಜಾಸ್ತಿ ಉದ್ದ ಅನ್ನಿಸುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಟಾರ್ಗೆಟ್ ಎಷ್ಟೇ ತಲುಪಿದ್ದರೂ ಇನ್ಸೆಂಟಿವ್ ಪೂರ್ತಿ ಕೊಡುತ್ತೇವೆ.

ಉಳಿದ ಎಲ್ಲರಿಗೂ: ಸಂಬಳ, ರಜೆ, ವಿಮೆ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಯಾವುದೂ ಬದಲಾಗುವುದಿಲ್ಲ. ಈಗಾಗಲೇ ಆಫರ್ ಲೆಟರ್ ಕೊಟ್ಟವರನ್ನು ಸೇರಿಸಿಕೊಳ್ಳುತ್ತೇವೆ, ವಾಪಸ್ ತಗೊಳ್ಳುವುದಿಲ್ಲ. ಇನ್‌ಕ್ರಿಮೆಂಟ್ ಎಂದಿನಂತೆ ಜುಲೈನಲ್ಲೇ. ಆದರೆ ಎಷ್ಟು ಅನ್ನುವುದನ್ನು ಈಗ ಹೇಳಲಾಗದು, ಜೂನ್ 12ಕ್ಕೆ ಹೇಳುತ್ತೇನೆ. ಕಳೆದ ವರ್ಷದಷ್ಟು ಇರುತ್ತದೆ ಅಂತ ಲೆಕ್ಕ ಹಾಕಿಕೊಂಡು ಸಾಲ ಮಾಡಬೇಡಿ. ನಿರ್ದೇಶಕರಿಗೆ ಮತ್ತು ನನಗೆ ಈ ವರ್ಷ ಇನ್‌ಕ್ರಿಮೆಂಟ್ ಇಲ್ಲ, ಬೋನಸ್ಸೂ ಇಲ್ಲ.

ಒಂದು ವಾರದಿಂದ ಓಡಾಡುತ್ತಿರುವ ಎರಡು ಪ್ರಶ್ನೆಗಳಿಗೆ ಇಲ್ಲೇ ಉತ್ತರ. ಕಂಪನಿಯನ್ನು ಮಾರುತ್ತಿದ್ದೇವಾ? ಇಲ್ಲ. ಅಂಥ ಮಾತುಕತೆ ಯಾರ ಜೊತೆಗೂ ನಡೆದಿಲ್ಲ. ಇನ್ನು ಮುಂದೆ ಕೆಲಸ ಕಡಿತ ಇಲ್ಲ ಅಂತ ಮಾತು ಕೊಡುತ್ತೀರಾ? ಸಾಫ್ಟ್‌ವೇರ್ ಮತ್ತು ಸರ್ವಿಸ್ ವಿಭಾಗಗಳಿಗೆ ಡಿಸೆಂಬರ್ 31ರವರೆಗೆ ಕೊಡುತ್ತೇನೆ. ಅದರಾಚೆಗೆ ಮಾತು ಕೊಟ್ಟರೆ ನೀವು ನಂಬುವುದೂ ಬೇಡ. ಅದು ಮುಂದಿನ ಆರು ತಿಂಗಳ ಸಾಫ್ಟ್‌ವೇರ್ ಮಾರಾಟದ ಮೇಲೆ ನಿಂತಿದೆ. ಆ ಲೆಕ್ಕವನ್ನು ಮೇ ತಿಂಗಳಿಂದ ಪ್ರತಿ ತಿಂಗಳೂ ಎಲ್ಲರಿಗೂ ತೋರಿಸುತ್ತೇವೆ.

ಮುಂದೆ ಯಾವಾಗ ಏನು ಗೊತ್ತಾಗುತ್ತದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ:

ಏಪ್ರಿಲ್ 17: ಹೊಸ ಸಾಫ್ಟ್‌ವೇರ್ ಟೀಮ್‌ನಲ್ಲಿ ಯಾರು ಯಾರಿಗೆ ರಿಪೋರ್ಟ್ ಮಾಡಬೇಕು ಅನ್ನುವ ಪಟ್ಟಿ.
ಮೇ 15: ಸೇಲ್ಸ್ ವಿಭಾಗದ ತೀರ್ಮಾನ.
ಮೇ 29: ಮಷೀನ್ ವಿಭಾಗ ಇರುವ ಮಹಡಿಯನ್ನು ಬಿಟ್ಟುಕೊಡುತ್ತೇವೋ ಇಲ್ಲವೋ.
ಜೂನ್ 12: ಇನ್‌ಕ್ರಿಮೆಂಟ್.

ನಾಳೆ ಬೆಳಿಗ್ಗೆ 11ಕ್ಕೆ ದೊಡ್ಡ ಹಾಲ್‌ನಲ್ಲಿ ಎಲ್ಲರೂ ಸೇರೋಣ. ಸಂಜೆ ಶಿಫ್ಟ್‌ನವರಿಗಾಗಿ 7ಕ್ಕೆ ಇನ್ನೊಂದು ಸಭೆ ಇದೆ, ಅದಕ್ಕೂ ನಾನೇ ಬರುತ್ತೇನೆ. ಎದುರಿಗೆ ಕೇಳಲು ಮುಜುಗರವಾದರೆ ಎಚ್‌ಆರ್ ಬಾಗಿಲ ಪಕ್ಕದ ಡಬ್ಬಿಯಲ್ಲಿ ಹೆಸರು ಬರೆಯದೆ ಚೀಟಿ ಹಾಕಿ. ಪ್ರತಿ ಶುಕ್ರವಾರ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದು ನೋಟಿಸ್ ಬೋರ್ಡಿಗೆ ಹಾಕುತ್ತೇವೆ, ಕಹಿ ಪ್ರಶ್ನೆಗಳಿಗೂ.

ಗ್ರಾಹಕರು ಕೇಳಿದರೆ ಇದ್ದದ್ದನ್ನೇ ಹೇಳಿ: ಹೊಸ ಮಷೀನು ಜೂನ್ 30ರ ನಂತರ ತಯಾರಾಗುವುದಿಲ್ಲ, ಈಗಾಗಲೇ ಕೊಂಡವಕ್ಕೆ ಮೂರು ವರ್ಷ ಸರ್ವಿಸ್ ಮತ್ತು ಬಿಡಿಭಾಗ ಸಿಗುತ್ತದೆ. ಯಾರ ಕೆಲಸ ಹೋಯಿತು ಅನ್ನುವುದನ್ನು ಮಾತ್ರ ಹೊರಗಿನವರಿಗೆ ಹೇಳಬೇಡಿ, ಅದನ್ನು ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು.

ಇವತ್ತು ಮಧ್ಯಾಹ್ನದ ಮೀಟಿಂಗ್‌ಗಳನ್ನೆಲ್ಲ ರದ್ದು ಮಾಡಿದ್ದೇವೆ. ಮನೆಗೆ ಹೋಗಬೇಕು ಅನ್ನಿಸಿದವರು ಹೋಗಬಹುದು, ರಜೆ ಅಂತ ಲೆಕ್ಕ ಹಾಕುವುದಿಲ್ಲ. ನಾನು ಸಂಜೆಯವರೆಗೆ ನನ್ನ ರೂಮಿನಲ್ಲೇ ಇರುತ್ತೇನೆ.

ಇಂತಿ,
ಮ್ಯಾನೇಜಿಂಗ್ ಡೈರೆಕ್ಟರ್